ಚಿತ್ರ ನಿಜ, ಆದರೆ ಊರು ಯಾವುದು?

ಹಂಚುವ ಮೊದಲು ಫೋಟೋದ ಸ್ಥಳ ಪರಿಶೀಲಿಸುವುದು ಹೇಗೆ: ಮಿಲನ, ಮಹಿಳಾ ಸಮಾಜ ಮತ್ತು ಯುವಕ ಸಂಘಗಳ ಸಭೆಗೆ ಒಂದು ಕಿರು ಉಪನ್ಯಾಸ

ಸಂಘಗಳ ಮಾಸಿಕ ಸಭೆಗಳಲ್ಲಿ ಈಚೆಗೆ ಮೊಬೈಲಿನ ಚರ್ಚೆ ಬಾರದೆ ಇರುವುದಿಲ್ಲ. ಬಸದಿ, ಬಿಂಬ, ಮುನಿಗಳ ವಿಹಾರ, ನೆರೆ, ಅಪಘಾತ ಹೀಗೆ ಯಾವುದೋ ಒಂದರ ಫೋಟೋ ಬರುತ್ತದೆ, ಕೆಳಗೆ ಒಂದು ಊರಿನ ಹೆಸರಿರುತ್ತದೆ, ಅರ್ಧ ಗಂಟೆಯಲ್ಲಿ ಅದು ಹತ್ತು ಗುಂಪು ದಾಟಿರುತ್ತದೆ. ಆ ಹೆಸರು ಸರಿಯೇ ಎಂದು ನೋಡುವ ಕ್ರಮವನ್ನು ಸಭೆಯಲ್ಲಿ ಓದಿ ಹೇಳುವಂತೆ ಇಲ್ಲಿ ಕೊಡಲಾಗಿದೆ. ಸಭೆಯಲ್ಲಿ ಮೊಬೈಲ್ ಹಿಡಿದು ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು.

ಸಹೋದರ ಸಹೋದರಿಯರೇ,

ಫೋಟೋ ಬಂದಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಇದು ನಿಜವೇ, ಸುಳ್ಳೇ?’ ಎಂಬುದು. ಈ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. ದಾರಿ ತಪ್ಪಿಸುವ ಚಿತ್ರಗಳಲ್ಲಿ ಎಷ್ಟೋ ಚಿತ್ರಗಳು ನಿಜವಾದ ಫೋಟೋಗಳೇ ಆಗಿರುತ್ತವೆ. ಯಾರೋ ಒಬ್ಬರು ಎಲ್ಲೋ ನಿಂತು ತೆಗೆದದ್ದು, ಯಾವ ತಿದ್ದುಪಡಿಯೂ ಆಗಿಲ್ಲದ್ದು. ಬದಲಾಗಿರುವುದು ಊರಿನ ಹೆಸರು ಮಾತ್ರ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಇದು ಎಲ್ಲಿಯದು?’

ದೊಡ್ಡ ಕಚೇರಿಯೂ ಎಡವಿದ ಪ್ರಸಂಗ

2017ರ ಜೂನ್ ತಿಂಗಳಿನ ಸುದ್ದಿ ಕೆಲವರಿಗೆ ನೆನಪಿರಬಹುದು. ಕೇಂದ್ರ ಗೃಹ ಸಚಿವಾಲಯದ 2016-17ರ ವಾರ್ಷಿಕ ವರದಿಯಲ್ಲಿ ದೇಶದ ಗಡಿಗೆ ಹೊನಲು ಬೆಳಕಿನ ದೀಪ ಅಳವಡಿಸಿದ್ದನ್ನು ತೋರಿಸಲು ಒಂದು ಚಿತ್ರ ಹಾಕಿದ್ದರು. ಬೇಲಿಯ ಉದ್ದಕ್ಕೂ ಸಾಲುದೀಪ ಉರಿಯುವ ರಾತ್ರಿಯ ನೋಟ. ಸುದ್ದಿ ಪರಿಶೀಲನೆ ಮಾಡುವ ಆಲ್ಟ್ ನ್ಯೂಸ್ ಜಾಲತಾಣ ಹುಡುಕಿದಾಗ ಅದು ಭಾರತದ್ದೇ ಅಲ್ಲವೆಂದು ತಿಳಿಯಿತು. ಆಫ್ರಿಕಾದ ಕರಾವಳಿಯಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಸೆಯೂತಾ ಎಂಬ ಪಟ್ಟಣವಿದೆ. ಅಲ್ಲಿ ಮೊರಾಕ್ಕೊ ದೇಶದ ಗಡಿಬೇಲಿಯನ್ನು ಸ್ಪೇನಿನ ಛಾಯಾಗ್ರಾಹಕರೊಬ್ಬರು 2006ರಲ್ಲಿ ತೆಗೆದ ಚಿತ್ರ ಅದಾಗಿತ್ತು.

ಆ ಚಿತ್ರದಲ್ಲಿ ಬೇಲಿ ನಿಜ, ದೀಪ ನಿಜ, ಗಡಿ ಎಂಬುದೂ ನಿಜ. ಯಾವ ದೇಶದ ಗಡಿ ಎಂಬುದೊಂದು ತಪ್ಪಾಗಿತ್ತು. ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಗೊತ್ತಾಗುತ್ತಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಪಾಕಿಸ್ತಾನದ ರಾಯಭಾರಿ ಕಾಶ್ಮೀರದ್ದೆಂದು ಗಾಯಾಳು ಬಾಲಕಿಯೊಬ್ಬಳ ಚಿತ್ರ ಎತ್ತಿ ತೋರಿಸಿದರು. ಅದು 2014ರಲ್ಲಿ ಗಾಜಾದಲ್ಲಿ ತೆಗೆದ ಫೋಟೋ. ಅಲ್ಲಿಯೂ ಗಾಯ ನಿಜವಾಗಿತ್ತು, ಊರು ಬೇರೆಯಾಗಿತ್ತು.

ನಮ್ಮ ಚಿತ್ರಗಳು ಏಕೆ ಬೇಗ ಅದಲು ಬದಲಾಗುತ್ತವೆ

ಜಿನಬಿಂಬಗಳ ಚಿತ್ರದಲ್ಲಿ ಈ ಗೊಂದಲ ಇನ್ನಷ್ಟು ಹೆಚ್ಚು. ಕಾಯೋತ್ಸರ್ಗವಾಗಲಿ ಪದ್ಮಾಸನವಾಗಲಿ, ಶಿಲ್ಪಿಗಳು ಒಂದೇ ಲಕ್ಷಣಕ್ಕೆ, ಒಂದೇ ಪ್ರಮಾಣಕ್ಕೆ ಬದ್ಧರಾಗಿ ಕೆತ್ತಿದವರು. ಯಾವ ತೀರ್ಥಂಕರರೆಂದು ಹೇಳಲು ಪೀಠದ ಲಾಂಛನವನ್ನೋ, ಪಾರ್ಶ್ವನಾಥರಾದರೆ ಹೆಡೆಯನ್ನೋ ನೋಡುತ್ತೇವೆ. ಫೋಟೋದಲ್ಲಿ ಪೀಠ ಕತ್ತರಿಸಿ ಹೋಗಿದ್ದರೆ ಯಾರ ಬಿಂಬವೆಂದೂ ತಿಳಿಯದು, ಎಲ್ಲಿಯದೆಂದೂ ತಿಳಿಯದು. ಆದ್ದರಿಂದ ಮೊದಲ ಸೂತ್ರ ಇದು: ಬಿಂಬವನ್ನು ನೋಡಿ ಊರು ಹೇಳಬೇಡಿ, ಬಿಂಬದ ಸುತ್ತ ಏನಿದೆ ಎಂಬುದನ್ನು ನೋಡಿ.

ಇದನ್ನು ಅಭ್ಯಾಸ ಮಾಡಲು ನಮ್ಮ ಗೊಮ್ಮಟ ಮೂರ್ತಿಗಳಿಗಿಂತ ಒಳ್ಳೆಯ ಪಾಠವಿಲ್ಲ. ಕರ್ನಾಟಕದಲ್ಲಿ ಹೆಸರಾದ ಐದು ಏಕಶಿಲಾ ಮೂರ್ತಿಗಳಿವೆ. ಶ್ರವಣಬೆಳಗೊಳದ್ದು 58 ಅಡಿ, ಕಾರ್ಕಳದ್ದು 42, ಧರ್ಮಸ್ಥಳದ್ದು 39, ವೇಣೂರಿನದು 35, ಮೈಸೂರು ಬಳಿಯ ಗೊಮ್ಮಟಗಿರಿಯದು ಸುಮಾರು 20 ಅಡಿ. ಎದೆಯಿಂದ ಮೇಲಿನ ಭಾಗ ಮಾತ್ರ ಕಾಣುವ ಫೋಟೋದಲ್ಲಿ ಎತ್ತರ ಅಳೆಯಲು ಸಾಧ್ಯವೇ ಇಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಆಗ ಅಳತೆ ಸಿಗುತ್ತದೆ. ಬೆಳಗೊಳದ ಮೂರ್ತಿಯ ಪಾದದ ಬಳಿ ನಿಂತವರು ಮೊಣಕಾಲನ್ನೂ ಮುಟ್ಟುವುದಿಲ್ಲ.

ಸುತ್ತಲಿನ ಗುರುತುಗಳನ್ನು ನೋಡೋಣ. ಬೆಳಗೊಳದಲ್ಲಿ ಮೂರ್ತಿಯನ್ನು ಕಂಬಗಳ ಸುತ್ತಾಲಯ ಬಳಸಿದೆ. ಕಾಲಿನ ಇಕ್ಕೆಲದ ಹುತ್ತದ ಬಳಿ ಚಾವುಂಡರಾಯ ಮಾಡಿಸಿದನೆಂಬ ಶಾಸನವಿದೆ. ಎದುರು ಬೆಟ್ಟ ಕಾಣುವಂತೆ ತೆಗೆದ ಚಿತ್ರವಾದರೆ ನಡುವೆ ಊರು, ಕಲ್ಯಾಣಿ, ಆಚೆ ಚಿಕ್ಕಬೆಟ್ಟ ಇರಬೇಕು. ಕಾರ್ಕಳದಲ್ಲಿ ಬೋಳು ಬಂಡೆಯ ಗುಡ್ಡ, ಎದುರಿಗೆ ಎತ್ತರದ ಬ್ರಹ್ಮದೇವರ ಕಂಬ. ವೇಣೂರಿನ ಮೂರ್ತಿ ಬೆಟ್ಟದ ಮೇಲಿಲ್ಲ, ಫಲ್ಗುಣಿ ನದಿಯ ದಡದ ಸಮತಟ್ಟಾದ ನೆಲದಲ್ಲಿದೆ. ಬೆಟ್ಟದ ಮೆಟ್ಟಿಲು ತೋರಿಸಿ ‘ವೇಣೂರು’ ಎಂದು ಬರೆದಿದ್ದರೆ ಅಲ್ಲಿಗೇ ಅನುಮಾನ ಬರಬೇಕು. ಮೂರ್ತಿ ಅಚ್ಚ ಬಿಳಿ ಅಮೃತಶಿಲೆಯದಾಗಿದ್ದರೆ ಈ ಐದರಲ್ಲಿ ಯಾವುದೂ ಅಲ್ಲ. ಕೊಲ್ಹಾಪುರ ಜಿಲ್ಲೆಯ ಕುಂಭೋಜದ 28 ಅಡಿಯ ಬಾಹುಬಲಿ ಅಂಥದ್ದು.

ಬಿಸಿಲೂ ಒಂದು ಸಾಕ್ಷಿ. ಬೆಳಗೊಳದ ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಿನವಿಡೀ ದಕ್ಷಿಣದ ಕಡೆಗೇ ವಾಲಿರುವುದರಿಂದ ಬಿಸಿಲು ಮೂರ್ತಿಯ ಬೆನ್ನಿಗೂ ಪಕ್ಕಕ್ಕೂ ಬೀಳುತ್ತದೆ, ಎದೆ ನೆರಳಿನಲ್ಲಿರುತ್ತದೆ. ಜೂನ್ ತಿಂಗಳಲ್ಲಿ ಮೋಡ ಸರಿದರೆ ನೇರ ಬಿಸಿಲು ಎದುರಿನಿಂದ ಬರುತ್ತದೆ. ‘ಈ ಸಂಕ್ರಾಂತಿಯಂದು ಬೆಳಗೊಳದಲ್ಲಿ’ ಎಂಬ ಚಿತ್ರದಲ್ಲಿ ಎದೆಯ ತುಂಬ ಹೊಳೆವ ಬಿಸಿಲು ಇದ್ದರೆ ಊರಾದರೂ ತಪ್ಪಿರಬೇಕು, ದಿನವಾದರೂ ತಪ್ಪಿರಬೇಕು. ಮೋಡದ ದಿನದ ಚಿತ್ರಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ ಎಂಬುದನ್ನೂ ನೆನಪಿಡಿ.

ಇನ್ನು ವರ್ಷ. ಬೆಳಗೊಳದಲ್ಲಿ ಈಚಿನ ಮಹಾಮಸ್ತಕಾಭಿಷೇಕಗಳು ನಡೆದದ್ದು 2006 ಮತ್ತು 2018ರಲ್ಲಿ, ಕಾರ್ಕಳದಲ್ಲಿ 2015ರಲ್ಲಿ, ಧರ್ಮಸ್ಥಳದಲ್ಲಿ 2019ರಲ್ಲಿ, ವೇಣೂರಿನಲ್ಲಿ 2024ರಲ್ಲಿ. ‘2024, ಬೆಳಗೊಳದ ಮಹಾಮಸ್ತಕಾಭಿಷೇಕ’ ಎಂಬ ಸಾಲು ಬಂದರೆ ಚಿತ್ರ ನೋಡುವ ಮೊದಲೇ ತಪ್ಪು ಹಿಡಿಯಬಹುದು. ಊರು ಮತ್ತು ವರ್ಷ ಒಂದಕ್ಕೊಂದು ಹೊಂದಬೇಕು.

ಒಡೆದ ಬಿಂಬದ ಚಿತ್ರ: ಒಂದು ಪರಿಶೀಲನೆ

ಮಸ್ತಕಾಭಿಷೇಕದ ಚಿತ್ರಕ್ಕೆ ಬೇರೆ ಊರಿನ ಹೆಸರು ಬಿದ್ದರೆ ಯಾರಿಗೂ ದೊಡ್ಡ ನಷ್ಟವಿಲ್ಲ. ನಷ್ಟವಾಗುವುದು ಇನ್ನೊಂದು ಬಗೆಯ ಚಿತ್ರದಿಂದ. ಅದನ್ನು ಒಂದು ಉದಾಹರಣೆ ಕಲ್ಪಿಸಿಕೊಂಡು ನೋಡೋಣ.

ಸಂಜೆ ಏಳಕ್ಕೆ ನಿಮ್ಮ ಗುಂಪಿಗೆ ಒಂದು ಫೋಟೋ ಬರುತ್ತದೆ. ತಲೆಯಿಲ್ಲದ, ನಿಂತ ಜಿನಬಿಂಬ. ಕೆಳಗೆ ಹೀಗೆ ಬರೆದಿದೆ: ‘ನಿನ್ನೆ ರಾತ್ರಿ ನಮ್ಮ ಜಿಲ್ಲೆಯ ಇಂಥ ಹಳ್ಳಿಯ ಬಸದಿಯಲ್ಲಿ ಕಿಡಿಗೇಡಿಗಳ ಕೃತ್ಯ. ಎಲ್ಲ ಜೈನರಿಗೂ ತಲುಪಿಸಿ.’ ಆ ಹಳ್ಳಿಯಲ್ಲಿ ನಮ್ಮ ನಾಲ್ಕು ಮನೆಗಳಿವೆ, ಬೇರೆಯವರ ನಾನ್ನೂರು ಮನೆಗಳಿವೆ ಎಂದುಕೊಳ್ಳಿ. ಈ ಚಿತ್ರ ಊರೂರು ಸುತ್ತಿದರೆ ಬೆಳಗಾಗುವಷ್ಟರಲ್ಲಿ ಆ ನಾಲ್ಕು ಮನೆಯವರು ನೆರೆಹೊರೆಯವರ ಎದುರು ಹೇಗೆ ನಿಲ್ಲಬೇಕು ಎಂದು ಯೋಚಿಸಿ. ಪಣಕ್ಕಿರುವುದು ಅವರ ಬದುಕು, ನಮ್ಮ ಗುಂಪಿನ ಮರ್ಯಾದೆಯಷ್ಟೇ ಅಲ್ಲ.

ಮೊದಲು ಸಂದೇಶದ ತಲೆಯನ್ನು ನೋಡಿ. ಜೋಡಿ ಬಾಣದ ಗುರುತಿನೊಡನೆ Forwarded many times ಎಂದಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಕಳುಹಿಸಿದ ನಿಮ್ಮ ಪರಿಚಯದವರು ಅದನ್ನು ಕಣ್ಣಾರೆ ಕಂಡವರಲ್ಲ ಎಂದು ಅಷ್ಟರಲ್ಲೇ ತಿಳಿಯಿತು. ಅವರನ್ನು ‘ನಿಮಗೆ ಯಾರು ಕಳುಹಿಸಿದರು?’ ಎಂದು ಕೇಳಬಹುದು. ಆದರೆ ಆ ಸರಪಳಿ ಹಿಡಿದು ಹಿಂದಕ್ಕೆ ಹೋಗುವುದು ಸುಲಭವಲ್ಲ, ಅದಕ್ಕಾಗಿ ಕಾಯುತ್ತ ಕೂರಬೇಡಿ.

ಎರಡನೆಯದಾಗಿ, ಈ ಫೋಟೋ ಮೊದಲೇ ಎಲ್ಲಾದರೂ ಇತ್ತೇ ಎಂದು ಹುಡುಕಿ. ಫೋಟೋವನ್ನು ಮೊಬೈಲಿನಲ್ಲಿ ಉಳಿಸಿಕೊಂಡು, ಗೂಗಲ್ ಆ್ಯಪ್ ತೆರೆದು, ಹುಡುಕುವ ಪಟ್ಟಿಯಲ್ಲಿರುವ ಕ್ಯಾಮೆರಾ ಗುರುತು ಒತ್ತಿದರೆ Google Lens ಬರುತ್ತದೆ. ಅದಕ್ಕೆ ಫೋಟೋ ಕೊಡಿ. ಫಲಿತಾಂಶದಲ್ಲಿ Exact matches ಎಂಬ ಭಾಗವಿದ್ದರೆ ಅದನ್ನೇ ನೋಡಿ, ಏಕೆಂದರೆ ಉಳಿದವೆಲ್ಲ ‘ಇದರಂತೆ ಕಾಣುವ’ ಚಿತ್ರಗಳು. ಕಂಪ್ಯೂಟರಿನಲ್ಲಿ TinEye ತಾಣಕ್ಕೆ ಹಾಕಿ Oldest ಎಂದು ಆರಿಸಿದರೆ ಹಳೆಯ ಪುಟಗಳು ಮೇಲೆ ಬರುತ್ತವೆ. ‘ನಿನ್ನೆ ರಾತ್ರಿ’ಯ ಚಿತ್ರ ಐದು ವರ್ಷ ಹಿಂದಿನ ಪುಟದಲ್ಲಿ ಸಿಕ್ಕರೆ ಕೆಲಸ ಅಲ್ಲಿಗೇ ಮುಗಿಯಿತು.

ನಮ್ಮ ಉದಾಹರಣೆಯಲ್ಲಿ ಹಳೆಯ ಪ್ರವಾಸಿಯೊಬ್ಬರ ಪುಟ ಸಿಕ್ಕಿತು, ಅದರಲ್ಲಿ ‘ಗ್ವಾಲಿಯರ್ ಕೋಟೆ’ ಎಂದಿದೆ ಎಂದಿಟ್ಟುಕೊಳ್ಳಿ. ಆ ಮಾತನ್ನೂ ಹಾಗೇ ನಂಬಬೇಡಿ. ಪ್ರವಾಸಿಗರೂ ಊರು ತಪ್ಪಿ ಬರೆಯುತ್ತಾರೆ. ಈಗ ಮೂರನೆಯ ಹೆಜ್ಜೆ: ಚಿತ್ರಕ್ಕೂ ಆ ಸ್ಥಳಕ್ಕೂ ಹೊಂದಾಣಿಕೆ ನೋಡುವುದು.

ಗ್ವಾಲಿಯರಿನಲ್ಲಿ 15ನೇ ಶತಮಾನದ ತೋಮರ ಅರಸರ ಕಾಲದಲ್ಲಿ ಕೋಟೆಬೆಟ್ಟದ ಕಡಿದಾದ ಬಂಡೆಯ ಗೋಡೆಯಲ್ಲೇ ಜಿನಬಿಂಬಗಳನ್ನು ಕೊರೆದರು. ಅವುಗಳಲ್ಲಿ ದೊಡ್ಡದು ಸುಮಾರು 57 ಅಡಿ ಎತ್ತರದ್ದು. 16ನೇ ಶತಮಾನದಲ್ಲಿ ಬಾಬರನ ಆಜ್ಞೆಯಂತೆ ಅವುಗಳನ್ನು ವಿರೂಪಗೊಳಿಸಿದರು. ಆ ಆಜ್ಞೆಯ ಮಾತು ಅವನ ಆತ್ಮಚರಿತ್ರೆಯಲ್ಲೇ ಇದೆ. ಹೀಗಾಗಿ ಮುಖ ಮಾಸಿದ, ತಲೆ ಹೋದ ಬಿಂಬಗಳು ಅಲ್ಲಿ ಇಂದಿಗೂ ಇವೆ, ಪ್ರವಾಸಿಗರು ಅವುಗಳ ಫೋಟೋ ತೆಗೆಯುತ್ತಲೇ ಇರುತ್ತಾರೆ. ಅಂಥ ಒಂದು ಫೋಟೋಕ್ಕೆ ಯಾವ ಊರಿನ ಹೆಸರನ್ನಾದರೂ ಅಂಟಿಸಬಹುದು.

ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಬಿಂಬ ಬಿಡಿಯಾಗಿ ನಿಂತಿದೆಯೇ, ಬಂಡೆಯ ಗೂಡಿನೊಳಗೆ ಅಂಟಿಕೊಂಡಿದೆಯೇ? ಹಿಂದಿನ ಕಲ್ಲು ಪದರ ಪದರವಾದ ಮರಳುಗಲ್ಲೇ, ಬೂದು ಬಣ್ಣದ ಕಣಶಿಲೆಯೇ? ನಮ್ಮ ಹಾಸನ, ಮೈಸೂರು ಕಡೆಯ ಬೆಟ್ಟಗಳಲ್ಲಿ ಕಾಣುವುದು ಕಣಶಿಲೆ. ಕರಾವಳಿಯ ಬಸದಿಯಾದರೆ ಕೆಂಪು ಮುರಕಲ್ಲಿನ ಗೋಡೆ, ಇಳಿಜಾರು ಮಾಡು ಎಲ್ಲಾದರೂ ಇಣುಕುತ್ತದೆ. ಗ್ವಾಲಿಯರ್ ಕೋಟೆಯದು ಮರಳುಗಲ್ಲು. ಬಾದಾಮಿಯೂ ಮರಳುಗಲ್ಲಿನದೇ ಆದ್ದರಿಂದ ಕಲ್ಲೊಂದೇ ಸಾಕ್ಷಿ ಸಾಲದು. ಹತ್ತಿರ ಫಲಕವಿದ್ದರೆ ಅದರ ಲಿಪಿ ನೋಡಿ, ನಾಗರಿಯೇ, ಕನ್ನಡವೇ? ಯಾತ್ರಿಕರ ಕಾರು ನಿಂತಿದ್ದರೆ ಅದರ ಸಂಖ್ಯೆ ನೋಡಿ. MP 07 ಗ್ವಾಲಿಯರ್ ನೋಂದಣಿ, KA 13 ಹಾಸನದ್ದು, KA 20 ಉಡುಪಿಯದು, KA 22 ಬೆಳಗಾವಿಯದು. ಆದರೆ ಯಾತ್ರಾಸ್ಥಳಕ್ಕೆ ಎಲ್ಲ ಕಡೆಯ ವಾಹನಗಳೂ ಬರುತ್ತವೆ. ಒಂದು ಕಾರಿನ ಸಂಖ್ಯೆ ಹೆಚ್ಚೇನನ್ನೂ ಹೇಳದು, ಅಲ್ಲೇ ಓಡಾಡುವ ನಾಲ್ಕೈದು ಆಟೋಗಳ ಸಂಖ್ಯೆ ಹೇಳುತ್ತದೆ.

ಮುರಿದ ಜಾಗವನ್ನು ವಿಶೇಷವಾಗಿ ನೋಡಿ. ನಿನ್ನೆ ಒಡೆದ ಕಲ್ಲಿನ ಒಳಮೈ ತಿಳಿಬಣ್ಣವಾಗಿ, ಶುಭ್ರವಾಗಿ ಕಾಣುತ್ತದೆ. ಅಂಚು ಹರಿತವಾಗಿರುತ್ತದೆ, ಕೆಳಗೆ ಚಕ್ಕೆಗಳು ಬಿದ್ದಿರುತ್ತವೆ. ಶತಮಾನದ ಹಿಂದೆ ಒಡೆದ ಜಾಗಕ್ಕೂ ಉಳಿದ ಮೈಗೂ ಬಣ್ಣದಲ್ಲಿ ಭೇದವಿರುವುದಿಲ್ಲ. ಅಂಚು ಸವೆದಿರುತ್ತದೆ, ಮಳೆಯ ಕಪ್ಪು ಗೆರೆಯೋ ಪಾಚಿಯೋ ಒಡಕಿನ ಮೇಲೂ ಹಾದು ಹೋಗಿರುತ್ತದೆ. ನೂರಾರು ವರ್ಷದ ಭಗ್ನತೆಯನ್ನು ನಿನ್ನೆಯದೆಂದು ಹೇಳಿದ್ದರೆ ಇದರಿಂದ ಬಹುಮಟ್ಟಿಗೆ ತಿಳಿಯುತ್ತದೆ.

ಇನ್ನು ನಾಲ್ಕನೆಯ ಹೆಜ್ಜೆ, ನಕ್ಷೆ. ಗೂಗಲ್ ನಕ್ಷೆಯಲ್ಲಿ ಆ ಹಳ್ಳಿಯ ಬಸದಿಯನ್ನು ಹುಡುಕಿ, ಜನರು ಹಾಕಿರುವ ಫೋಟೋಗಳನ್ನು ತೆರೆಯಿರಿ. ಗ್ವಾಲಿಯರ್ ಕೋಟೆಯ ಜಿನಬಿಂಬಗಳ ಫೋಟೋಗಳನ್ನೂ ತೆರೆಯಿರಿ. ಎರಡರ ಪಕ್ಕದಲ್ಲಿ ನಿಮ್ಮ ಚಿತ್ರವಿಟ್ಟು ಅಲುಗಾಡದ ಮೂರು ಗುರುತು ಹೊಂದಿಸಿ ನೋಡಿ. ಬಂಡೆಯ ಬಿರುಕಿನ ಆಕಾರ, ಪಕ್ಕದ ಗೂಡಿನಲ್ಲಿರುವ ಚಿಕ್ಕ ಬಿಂಬಗಳ ಸಂಖ್ಯೆ, ಮುಂದಿನ ಮೆಟ್ಟಿಲಿನ ತಿರುವು, ಹೀಗೆ. ಹೂಮಾಲೆ, ಬಣ್ಣ, ಕಬ್ಬಿಣದ ಬೇಲಿ ಇವು ವರ್ಷವರ್ಷವೂ ಬದಲಾಗುತ್ತವೆ, ಲೆಕ್ಕಕ್ಕೆ ಬೇಡ. ಮೂರೂ ಹೊಂದಿದರೆ ಸ್ಥಳ ಅದೇ. ಒಂದು ಹೊಂದಿ ಎರಡು ಹೊಂದದಿದ್ದರೆ ಅದು ‘ಅದರಂತಹ’ ಸ್ಥಳ, ಅಷ್ಟೇ.

ಕೊನೆಯದು ದೂರವಾಣಿ. ನಮ್ಮ ಸಮಾಜಕ್ಕೆ ಇರುವ ದೊಡ್ಡ ಅನುಕೂಲ ಇದು. ಎಷ್ಟು ಚಿಕ್ಕ ಊರಿನ ಬಸದಿಯಾದರೂ ಅಲ್ಲೊಬ್ಬರು ಪುರೋಹಿತರೋ ಇಂದ್ರರೋ ಇರುತ್ತಾರೆ, ಅವರನ್ನು ಬಲ್ಲವರು ನಮ್ಮ ನೆಂಟರಲ್ಲೇ ಒಬ್ಬರು ಇರುತ್ತಾರೆ. ಕರೆ ಮಾಡಿ. ಆದರೆ ‘ನಿಮ್ಮಲ್ಲಿ ಬಿಂಬ ಒಡೆದರಂತೆ, ಹೌದೇ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಸುದ್ದಿ ಇಲ್ಲದ ಊರಿಗೆ ಸುದ್ದಿ ಮುಟ್ಟಿಸಿದಂತಾಗುತ್ತದೆ. ‘ಇಂದು ಬೆಳಗ್ಗೆ ಪೂಜೆ ಎಂದಿನಂತೆ ಆಯಿತೇ? ನಿಮ್ಮ ಮೂಲನಾಯಕರು ಯಾರು? ಪದ್ಮಾಸನವೋ, ಖಡ್ಗಾಸನವೋ? ಶಿಲೆಯದೋ, ಪಂಚಲೋಹದ್ದೋ?’ ಎಂದು ಕೇಳಿ. ‘ನಮ್ಮದು ಪದ್ಮಾಸನದ ಅಮೃತಶಿಲೆ ಬಿಂಬ, ಬೆಳಗ್ಗೆಯೇ ಅಭಿಷೇಕವಾಯಿತು’ ಎಂಬ ಉತ್ತರ ಬಂದರೆ ನಿಮ್ಮ ಮೊಬೈಲಿನಲ್ಲಿರುವ ಚಿತ್ರ ಆ ಬಸದಿಯದಲ್ಲ.

ಇಷ್ಟೂ ಸೇರಿ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಎಲ್ಲ ಚಿತ್ರಕ್ಕೂ ಎಲ್ಲ ಹೆಜ್ಜೆಯೂ ಬೇಕಿಲ್ಲ. ಒಂದು ಊರಿನ ಹೆಸರಿದ್ದು, ಯಾರ ಮೇಲಾದರೂ ಸಿಟ್ಟು ಬರಿಸುವ ಅಥವಾ ಹಣ ಕೇಳುವ ಚಿತ್ರಕ್ಕೆ ಮಾತ್ರ ಬೇಕು.

ಎಲ್ಲಿ ಎಡವುತ್ತೇವೆ

ಪರಿಶೀಲನೆ ಮಾಡಿದವರೂ ಎಡವುವ ಕೆಲವು ಜಾಗಗಳಿವೆ. ಮುಖ್ಯವಾದದ್ದು ಹುಡುಕುವ ಯಂತ್ರ ಕೊಡುವ ಹೆಸರು. ಕಡಿಮೆ ಹೆಸರಾದ ಒಂದು ಬಾಹುಬಲಿ ಮೂರ್ತಿಯ ಚಿತ್ರ ಕೊಟ್ಟರೆ ಅದು ಶ್ರವಣಬೆಳಗೊಳ ಎಂದು ಹೇಳಿಬಿಡಬಹುದು. ಅಂತರ್ಜಾಲದಲ್ಲಿ ಬೆಳಗೊಳದ ಚಿತ್ರಗಳೇ ಹೆಚ್ಚು, ಆಕಾರ ಒಂದೇ. ಯಂತ್ರ ಆಕಾರ ಹೋಲಿಸುತ್ತದೆ, ಸ್ಥಳವನ್ನು ತಿಳಿದು ಹೇಳುವುದಿಲ್ಲ. ಅದಕ್ಕಾಗಿಯೇ ಮೂರ್ತಿಯನ್ನು ಬಿಟ್ಟು ಹಿಂದಿನ ಗೋಡೆ, ಗುಡ್ಡ, ಕಂಬ ಇಷ್ಟನ್ನೇ ಕತ್ತರಿಸಿ ಇನ್ನೊಮ್ಮೆ ಹುಡುಕುವುದು ಒಳ್ಳೆಯದು.

ಎರಡನೆಯದು ಎಡಬಲ ತಿರುಗಿಸಿದ ಚಿತ್ರ. ಹುಡುಕಿದರೂ ಸಿಗದಿರಲೆಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವವರಿದ್ದಾರೆ. ಬೇರೆ ಚಿತ್ರಗಳಲ್ಲಿ ಇದು ಕಣ್ಣಿಗೆ ಬೀಳಬಹುದು. ಕಾಯೋತ್ಸರ್ಗದ ಬಿಂಬ ಎಡಬಲ ಸಮವಾಗಿರುವುದರಿಂದ ತಿರುಗಿಸಿದ್ದು ಅದರಲ್ಲಿ ಗೊತ್ತೇ ಆಗದು. ಸುತ್ತಲಿನ ಜನರನ್ನು ನೋಡಿ. ಅಂಗಿಯ ಜೇಬು ಎದೆಯ ಎಡಕ್ಕಿರುತ್ತದೆ, ನಮ್ಮ ಕಡೆಯ ಸೀರೆಯ ಸೆರಗು ಎಡ ಹೆಗಲಿಗೆ ಬರುತ್ತದೆ. ಎಲ್ಲರದ್ದೂ ಬಲಕ್ಕಿದ್ದರೆ, ಅಥವಾ ಫಲಕದ ಅಕ್ಷರ ತಿರುಗಿದ್ದರೆ, ಚಿತ್ರವನ್ನು ಮತ್ತೆ ತಿರುಗಿಸಿ ಹುಡುಕಬೇಕು. ಗುಜರಾತಿ ಪದ್ಧತಿಯ ಸೆರಗು ಬಲ ಹೆಗಲಿಗೇ ಬರುತ್ತದೆ, ಆದ್ದರಿಂದ ಸೆರಗಿಗಿಂತ ಜೇಬು ಮತ್ತು ಅಕ್ಷರ ಹೆಚ್ಚು ನಂಬಿಕೆಯವು.

ಮೂರನೆಯದು, ಫೋಟೋದೊಳಗೇ ಸ್ಥಳದ ಗುರುತು ಸಿಗುತ್ತದೆಂಬ ನಂಬಿಕೆ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಅಕ್ಷಾಂಶ, ರೇಖಾಂಶ, ಸಮಯ ಅಡಗಿರಬಹುದು. ವಾಟ್ಸ್‌ಆ್ಯಪಿನಲ್ಲಿ ಫೋಟೋವಾಗಿ ಕಳುಹಿಸಿದಾಗ ಆ ಮಾಹಿತಿ ಅಳಿಸಿಹೋಗುತ್ತದೆ. ತೆಗೆದವರೇ ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿದಿರುತ್ತದೆ. ಹಾಗಾಗಿ ನಿಜವಾಗಿ ಸ್ಥಳದಲ್ಲಿದ್ದವರು ಸಿಕ್ಕರೆ ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿಯೇ ಕೇಳಿ ಪಡೆಯಿರಿ. ಆ ಮಾಹಿತಿಯನ್ನು ಬೇಕೆಂದೇ ಬದಲಿಸಲೂ ಸಾಧ್ಯ, ಆದ್ದರಿಂದ ಅದು ಇನ್ನೊಂದು ಸಾಕ್ಷಿ, ಕೊನೆಯ ತೀರ್ಪಲ್ಲ.

ನಾಲ್ಕನೆಯದು, ಹುಡುಕಿದಾಗ ಏನೂ ಸಿಗದಿರುವುದು. ಏನೂ ಸಿಗದಿದ್ದರೆ ಚಿತ್ರ ಹೊಸದು, ಆದ್ದರಿಂದ ನಿಜ ಎಂದು ತಿಳಿಯಬಾರದು. ಯಾರದೋ ಮನೆಯ ಹಳೆಯ ಆಲ್ಬಮ್ಮಿನ ಫೋಟೋ ಅಂತರ್ಜಾಲದಲ್ಲಿ ಎಂದೂ ಇದ್ದಿರಲಿಕ್ಕಿಲ್ಲ. ಸಿಗದಿದ್ದರೆ ತಿಳಿದದ್ದು ಇಷ್ಟೇ: ಸ್ಥಳ ಇನ್ನೂ ಗೊತ್ತಾಗಿಲ್ಲ.

ಸ್ಥಳ ಸರಿ ಎಂದು ತಿಳಿದ ಮೇಲೆ

ಒಂದು ವೇಳೆ ಎಲ್ಲ ಹೊಂದಿ, ಚಿತ್ರ ನಿಜಕ್ಕೂ ಆ ಹಳ್ಳಿಯದೇ ಎಂದಾಯಿತು ಎನ್ನೋಣ. ಆಗಲೂ ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಸಿಕ್ಕಿದೆ. ಎಲ್ಲಿ ಎಂಬುದು ತಿಳಿಯಿತು. ಯಾವಾಗ, ಯಾರು ಎಂಬುದು ಫೋಟೋದಲ್ಲಿಲ್ಲ. ಕಳ್ಳತನದ ಯತ್ನವೋ, ದುರಸ್ತಿಯ ವೇಳೆ ಬಿದ್ದದ್ದೋ, ಯಾವುದೂ ಚಿತ್ರದಿಂದ ತಿಳಿಯದು. ಆ ಕೆಲಸ ಪೊಲೀಸರದು. ಫೋಟೋವನ್ನು ಬಸದಿಯ ಆಡಳಿತ ಸಮಿತಿಗೂ ಠಾಣೆಗೂ ಕೊಡಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಗೂ ತಿಳಿಸಿ. ಗುಂಪಿನಲ್ಲಿ ಹಾಕುವುದರಿಂದ ಈ ಮೂವರಿಗೂ ಏನೂ ಸಹಾಯವಾಗುವುದಿಲ್ಲ.

ಕಾನೂನಿನ ಮಾತನ್ನೂ ಸಭೆಯಲ್ಲಿ ಒಮ್ಮೆ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮು, ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಉದ್ದೇಶದಿಂದ ಸುಳ್ಳು ಮಾಹಿತಿ, ವದಂತಿ ಹರಡುವುದನ್ನು ಅಪರಾಧವೆನ್ನುತ್ತದೆ. ಮಾಡಿದವರಷ್ಟೇ ಅಲ್ಲ, ಹಂಚಿದವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ. ನಿಜವೆಂದು ನಂಬಲು ಸಕಾರಣವಿದ್ದು, ಅಂಥ ದುರುದ್ದೇಶವಿಲ್ಲದೆ, ಸದ್ಭಾವನೆಯಿಂದ ಹಂಚಿದ್ದರೆ ಅದು ಅಪರಾಧವಾಗದು. ‘ನಂಬಲು ಕಾರಣವೇನಿತ್ತು?’ ಎಂದು ಕೇಳಿದಾಗ ‘ಗುಂಪಿನಲ್ಲಿ ಬಂದಿತ್ತು’ ಎಂಬುದು ದುರ್ಬಲ ಉತ್ತರ. ‘ಹುಡುಕಿದೆ, ಮೂರು ಗುರುತು ಹೊಂದಿಸಿದೆ, ಪುರೋಹಿತರಿಗೆ ಕರೆ ಮಾಡಿದೆ’ ಎಂಬುದು ಗಟ್ಟಿ ಉತ್ತರ.

ತಪ್ಪು ಊರಿನ ಚಿತ್ರ ಗುಂಪಿನಲ್ಲಿ ಬಂದದ್ದು ಖಚಿತವಾದರೆ ಹಾಕಿದವರನ್ನು ಎಲ್ಲರೆದುರು ಮೂದಲಿಸಬೇಡಿ. ಹಿರಿಯರಾಗಿದ್ದರೆ ಪ್ರತ್ಯೇಕವಾಗಿ ಕರೆ ಮಾಡಿ, ‘ಅಣ್ಣಾ, ಆ ಚಿತ್ರ ಗ್ವಾಲಿಯರ್ ಕೋಟೆಯದು, ನೀವೇ ತೆಗೆದುಬಿಡಿ’ ಎಂದು ಹೇಳಿ. ಆಮೇಲೆ ಗುಂಪಿನಲ್ಲಿ ಎರಡೇ ಸಾಲು ಬರೆಯಿರಿ: ‘ಸಂಜೆ ಬಂದ ಚಿತ್ರ ಗ್ವಾಲಿಯರ್ ಕೋಟೆಯ ಹಳೆಯ ಭಗ್ನ ಬಿಂಬದ್ದು. ಹೆಸರಿಸಿದ ಊರಿನ ಬಸದಿಯಲ್ಲಿ ಇಂದು ಬೆಳಗ್ಗೆ ಎಂದಿನಂತೆ ಪೂಜೆ ನಡೆದಿದೆ.’ ತಿದ್ದುಪಡಿಯೊಂದಿಗೆ ಆ ಚಿತ್ರವನ್ನು ಮತ್ತೆ ಹಾಕಬೇಡಿ. ಓದದೆ ಚಿತ್ರವನ್ನಷ್ಟೇ ಮುಂದೆ ಕಳುಹಿಸುವವರು ಇದ್ದೇ ಇರುತ್ತಾರೆ.

ಈ ಸಭೆಯಿಂದ ಹೊರಡುವ ಮೊದಲು ಒಂದು ಕೆಲಸ ಮಾಡೋಣ. ನಮ್ಮ ಬಸದಿಯ ನಾಲ್ಕು ದಿಕ್ಕಿನ ನೋಟ, ಮೂಲನಾಯಕರ ಪೀಠ, ಹೆಬ್ಬಾಗಿಲು, ಮಾನಸ್ತಂಭವಿದ್ದರೆ ಅದು, ಇವುಗಳ ಫೋಟೋ ತೆಗೆದು, ದಿನಾಂಕ ಬರೆದು, ಸಮಿತಿಯ ಇಬ್ಬರ ಬಳಿ ಇಡೋಣ. ಗರ್ಭಗೃಹದ ಚಿತ್ರ ತೆಗೆಯುವ ಪದ್ಧತಿ ಇಲ್ಲದ ಕಡೆ ಬಿಂಬದ ವಿವರವನ್ನು ಬರೆದಿಟ್ಟರೆ ಸಾಕು: ಎಷ್ಟು ಅಡಿ, ಯಾವ ಶಿಲೆ, ಯಾವ ಆಸನ, ಹಳೆಯ ಬಿರುಕು ಎಲ್ಲಿದೆ. ನಾಳೆ ಯಾರಾದರೂ ನಮ್ಮ ಊರಿನ ಹೆಸರು ಅಂಟಿಸಿ ಒಡೆದ ಬಿಂಬದ ಚಿತ್ರ ಹರಡಿದರೆ, ಹೊರಗಿನವರ ಕರೆ ಬಂದ ಐದೇ ನಿಮಿಷಕ್ಕೆ ‘ಅದು ನಮ್ಮದಲ್ಲ, ನಮ್ಮದು ಹೀಗಿದೆ’ ಎಂದು ಹೇಳಲು ಆಗ ಆಧಾರವಿರುತ್ತದೆ. ನಿಜವಾಗಿಯೇ ಕಳವೋ ಹಾನಿಯೋ ಆದರೆ ಪೊಲೀಸರು ಕೇಳುವುದೂ ಇದೇ ಫೋಟೋಗಳನ್ನೇ.